ಸ್ನೇಹಿತನ ತಂದೆ ತೀರಿಕೊಂಡರು, ಏನಂತ ಬರೆಯಲಿ?

"ಸ್ನೇಹಿತನ ತಂದೆ ತೀರಿಕೊಂಡಿದ್ದಾರೆ. ಒಂದು ಸಂತಾಪದ ಮೆಸೇಜ್ ಬರೆದುಕೊಡಿ." ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಇಷ್ಟೇ. ಸ್ನೇಹಿತ ಎಷ್ಟು ಹತ್ತಿರದವನು, ಯಾವ ಧರ್ಮದವನು, ಯಾವ ಭಾಷೆ ಅವನಿಗೆ ಇಷ್ಟ, ಒಂದನ್ನೂ ಹೇಳಿರುವುದಿಲ್ಲ. ಇದ್ಯಾವುದೂ ಗೊತ್ತಿಲ್ಲದಿದ್ದರೂ ಹೀಗೆ ಬರೆಯಬಹುದು:

"ನಿಮ್ಮ ತಂದೆಯವರು ತೀರಿಕೊಂಡ ವಿಷಯ ಈಗ ತಿಳಿಯಿತು. ತುಂಬಾ ದುಃಖವಾಯಿತು. ನಿಮ್ಮದೂ ಮನೆಯವರದೂ ಯೋಚನೆಯೇ ಆಗಿದೆ. ಇದಕ್ಕೆ ಉತ್ತರ ಬರೆಯುವ ಚಿಂತೆ ಬೇಡ."

ಇದನ್ನು ಕೊಟ್ಟ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ಆತ್ಮಕ್ಕೆ ಚಿರಶಾಂತಿ ಸಿಗಲಿ ಅಂತ ಸೇರಿಸಲೇ? ಅದು ಎಲ್ಲರಿಗೂ ನಡೆಯುತ್ತೆ, ಅಲ್ವಾ?"

ನಡೆಯುವುದಿಲ್ಲ. ದೇಹ ಹೋದರೂ ಆತ್ಮ ಉಳಿಯುತ್ತದೆ, ನಾವು ಹಾರೈಸಿದರೆ ಅದಕ್ಕೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಆ ಮಾತಿನೊಳಗೇ ಇದೆ. ಶಾಶ್ವತವಾದ ಆತ್ಮವೇ ಇಲ್ಲ ಎನ್ನುತ್ತದೆ ಬೌದ್ಧ ಧರ್ಮ. ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ಹಲವರು ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಸಾವಿನ ಸುದ್ದಿ ಕೇಳಿದಾಗ ಮುಸ್ಲಿಮರು ಹೇಳುವುದು ಕುರಾನಿನ ಮಾತು: ನಾವು ಅಲ್ಲಾಹನಿಗೆ ಸೇರಿದವರು, ಅವನ ಬಳಿಗೇ ಮರಳುವವರು. ದೇವರನ್ನೇ ನಂಬದವನಿಗಂತೂ ಚಿರಶಾಂತಿಯ ಮಾತು ಬೇರೆ ಯಾರಿಗೋ ಬರೆದ ಮೆಸೇಜ್ ಅನಿಸುತ್ತದೆ. "ದೇವರು ಸಹಿಸುವ ಶಕ್ತಿ ಕೊಡಲಿ", "ಈಗ ನೆಮ್ಮದಿಯಾಗಿರುತ್ತಾರೆ" ಎನ್ನುವುದೂ ಇದೇ ಜಾತಿಯದು.

ಅವನ ನಂಬಿಕೆಗೆ ಹೊಂದಿಕೆಯಾದರೂ ಇನ್ನೊಂದು ತೊಂದರೆ ಇದೆ. ಚಿರಶಾಂತಿಯ ಸಾಲು ಮಾತಾಡುವುದು ಹೋದವರ ಬಗ್ಗೆ. ಮೆಸೇಜ್ ಓದುವವನು ಮಗ. ಅವನಿಗೆ ಅದರಲ್ಲಿ ಏನೂ ಇಲ್ಲ. ಹಾಗಾದರೆ ಯಾವಾಗ ಬರೆಯಬಹುದು? ಸುದ್ದಿ ತಿಳಿಸುವಾಗ ಅವನೇ ಆ ಮಾತು ಬಳಸಿದ್ದರೆ ಧಾರಾಳವಾಗಿ ಬರೆಯಿರಿ.

ಭಾಷೆಗೂ ಅದೇ ಗುರುತು. ನೀವಿಬ್ಬರೂ ದಿನಾ ಮಾತಾಡುವ ಭಾಷೆಯಲ್ಲೇ ಬರೆಯಿರಿ. ಅದೂ ಗೊತ್ತಾಗದಿದ್ದರೆ ಸುದ್ದಿ ಯಾವ ಭಾಷೆಯಲ್ಲಿ ಬಂತೋ ಅದರಲ್ಲಿ.

ಹತ್ತಿರದವನಾದರೆ "ನಿಮ್ಮ ತಂದೆಯವರು" ಹೋಗಿ "ನಿಮ್ಮಪ್ಪ" ಆಗುತ್ತದೆ, "ಚಿಂತೆ ಬೇಡ" ಹೋಗಿ "ಚಿಂತೆ ಮಾಡ್ಬೇಡ" ಆಗುತ್ತದೆ. ಅವರನ್ನು ನೋಡಿದ್ದರೆ ಒಂದು ನೆನಪು ಸೇರಿಸಿ: "ನಾನು ಬಂದಾಗಲೆಲ್ಲ ನನ್ನ ಓದಿನ ಬಗ್ಗೆ ಕೇಳ್ತಿದ್ರು." ನೋಡಿಲ್ಲದಿದ್ದರೆ "ತುಂಬಾ ಒಳ್ಳೆಯವರು" ಎಂದು ಸುಮ್ನೆ ಬರೆಯಬೇಡಿ. ನೀವು ಅವರನ್ನು ನೋಡಿಲ್ಲ ಎಂದು ಮಗನಿಗೆ ಗೊತ್ತಿರುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ವಿಷಯ ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದರೆ? ಆಗಲೂ ಬರೆಯಿರಿ. ಮೊದಲ ವಾರ ರಾಶಿ ಬಿದ್ದ ಮೆಸೇಜುಗಳು ಅಷ್ಟರಲ್ಲಿ ನಿಂತಿರುತ್ತವೆ. ತಡವಾದದ್ದಕ್ಕೆ ಉದ್ದದ ವಿವರಣೆ ಕೊಟ್ಟರೆ ನಿಮ್ಮನ್ನು ಅವನೇ ಸಮಾಧಾನ ಮಾಡಬೇಕಾಗುತ್ತದೆ. "ನನಗೆ ಇವತ್ತಷ್ಟೇ ತಿಳಿಯಿತು" ಎಂದರೆ ಸಾಕು.