ವಿದ್ಯಾರ್ಥಿವೇತನದ ದತ್ತಿನಿಧಿ: ವರ್ಷಕ್ಕೆ ಎಷ್ಟು ತೆಗೆಯಬಹುದು?

‘ಬಡ್ಡಿಯನ್ನಷ್ಟೇ ಹಂಚುತ್ತೇವೆ, ಅಸಲು ಮುಟ್ಟುವುದಿಲ್ಲ’ ಎಂದು ಟ್ರಸ್ಟಿಗಳು ನೆಮ್ಮದಿಯಿಂದ ಹೇಳುವುದುಂಟು. ಬಡ್ಡಿಯನ್ನು ಪೂರ್ತಿ ಹಂಚಿದರೆ ಅಸಲು ಉಳಿಯುವುದು ಅಂಕಿಯಲ್ಲಿ ಮಾತ್ರ. ಹಣದುಬ್ಬರ ಶೇ 5 ಇದ್ದರೆ 14 ವರ್ಷಗಳಲ್ಲಿ ಅದರ ಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೊದಲು ಒಬ್ಬ ವಿದ್ಯಾರ್ಥಿಯ ಇಡೀ ಶುಲ್ಕಕ್ಕೆ ಸಾಕಾಗುತ್ತಿದ್ದ ವೇತನ ಆಗ ಅರ್ಧ ಶುಲ್ಕಕ್ಕಷ್ಟೇ ಸಾಕು.

ನಿಧಿ 1 ಕೋಟಿ ಎಂದಿಟ್ಟುಕೊಳ್ಳಿ. ಗಳಿಕೆ ಶೇ 9, ನಿರ್ವಹಣಾ ವೆಚ್ಚ ಶೇ 0.5; ಕೈಗೆ ಬರುವುದು ಶೇ 8.5. ಹಣದುಬ್ಬರ ಶೇ 5. ವರ್ಷದ ಕೊನೆಗೆ ಹಣ ತೆಗೆಯುವುದಾದರೆ 8.5ರಲ್ಲಿ 5 ಕಳೆದು, 3.5 ಲಕ್ಷ ತೆಗೆಯಬಹುದು. ಆದರೆ ಶುಲ್ಕ ಕಟ್ಟಬೇಕಾದದ್ದು ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ. ಆಗ ತೆಗೆದ ಹಣಕ್ಕೆ ಆ ವರ್ಷದ ಗಳಿಕೆ ಸಿಗದು. ಉಳಿದ ಹಣವೇ ಬೆಳೆದು 1.05 ಕೋಟಿ ಮುಟ್ಟಬೇಕು. ಹಾಗಾಗಿ ಮಿತಿ ಸುಮಾರು 3.2 ಲಕ್ಷಕ್ಕೆ ಇಳಿಯುತ್ತದೆ.

ಇಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಸರಾಸರಿ ಗಳಿಕೆ. ಒಂದು ವರ್ಷ ಶೇ 30 ಏರಿ, ಮರುವರ್ಷ ಶೇ 10 ಇಳಿದರೆ ಸರಾಸರಿ ಶೇ 10 ಎಂದು ಕಾಣುತ್ತದೆ. ನಿಜವಾದ ವಾರ್ಷಿಕ ಬೆಳವಣಿಗೆ ಸುಮಾರು ಶೇ 8.2. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ಎರಡನೆಯದನ್ನು. ಇನ್ನೊಂದು, ಹಣದುಬ್ಬರ. ಸಾಮಾನ್ಯ ಬೆಲೆ ಸೂಚ್ಯಂಕ ಶೇ 5 ಏರಿ, ಶುಲ್ಕ ಶೇ 7 ಏರುತ್ತಿದ್ದರೆ 7ನ್ನೇ ಹಿಡಿಯಬೇಕು. ಆಗ ಮೇಲಿನ ನಿಧಿಯಿಂದ ವರ್ಷದ ಆರಂಭದಲ್ಲಿ ತೆಗೆಯಬಹುದಾದದ್ದು ಸುಮಾರು 1.4 ಲಕ್ಷ ಮಾತ್ರ. ಕಹಿಯಾದರೂ ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರತಿ ವರ್ಷ ನಿಧಿಯ ಆಗಿನ ಮೌಲ್ಯದ ಶೇ 3.2 ಎಂದು ನೇರವಾಗಿ ತೆಗೆದರೆ, ಮಾರುಕಟ್ಟೆ ಶೇ 20 ಕುಸಿದ ವರ್ಷ ವೇತನವೂ 3.2 ಲಕ್ಷದಿಂದ 2.56 ಲಕ್ಷಕ್ಕೆ ಬೀಳುತ್ತದೆ. ಓದಿನ ನಡುವೆ ಇರುವವರಿಗೆ ಇದು ದೊಡ್ಡ ಪೆಟ್ಟು. ಅದಕ್ಕೆ ಯೇಲ್ ವಿಶ್ವವಿದ್ಯಾಲಯ ಬಳಸಿ ಹೆಸರಾದ 80–20 ಸೂತ್ರ ನನಗೆ ಹೆಚ್ಚು ಸರಿಯೆನಿಸುತ್ತದೆ. ಕಳೆದ ವರ್ಷದ ವೇತನಕ್ಕೆ ಹಣದುಬ್ಬರ ಸೇರಿಸಿದರೆ 3,36,000. ಅದರ ಶೇ 80 ಎಂದರೆ 2,68,800. ಈಗಿನ 80 ಲಕ್ಷದ ಶೇ 3.2 ಎಂದರೆ 2,56,000. ಅದರ ಶೇ 20 ಎಂದರೆ 51,200. ಎರಡೂ ಸೇರಿ 3,20,000. ಹಂಚುವ ಮೊತ್ತ ಆ ವರ್ಷ ಏರದು, ಆದರೆ ಕುಸಿಯುವುದೂ ಇಲ್ಲ.

ಆದರೆ 80 ಲಕ್ಷಕ್ಕೆ 3.2 ಲಕ್ಷವೆಂದರೆ ಶೇ 4. ಮಾರುಕಟ್ಟೆ ಚೇತರಿಸಿಕೊಳ್ಳದಿದ್ದರೆ ನಿಧಿ ಸವೆಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ನಿಧಿಯ ಮೌಲ್ಯವನ್ನು, ಸ್ಥಾಪನೆಯ ಬಳಿಕ ಶುಲ್ಕ ಎಷ್ಟು ಪಟ್ಟು ಏರಿದೆಯೋ ಅಷ್ಟರಿಂದ ಭಾಗಿಸಿ, ಮೂಲ ದತ್ತಿಯೊಂದಿಗೆ ಹೋಲಿಸಿ ನೋಡಿ. ಅದು ಮೂರು ವರ್ಷ ಸತತವಾಗಿ ಮೂಲಕ್ಕಿಂತ ಕೆಳಗೇ ಇದ್ದರೆ ಹೊಸ ಆಯ್ಕೆಗಳ ಸಂಖ್ಯೆ ಕಡಿಮೆ ಮಾಡಿ. ಈಗಾಗಲೇ ಓದುತ್ತಿರುವವರ ವೇತನಕ್ಕೆ ಕೈ ಹಾಕಬೇಡಿ.