ಛೇದದಲ್ಲಿ O₂ ಕಂಡರೆ: ದರ ನಿಯಮ ನೋಡಿ ಮೆಕ್ಯಾನಿಸಂ ಕಟ್ಟುವುದು

ಮೈಸೂರು, ಮಂಡ್ಯದ ಕಡೆ ಪಿಯು ಮುಗಿಸಿ ಬಿ.ಎಸ್ಸಿ.ಗೆ ಬಂದವರಿಗೆ ಈ ಟಿಪ್ಪಣಿ. ಆರ್ಡರ್, ಮಾಲಿಕ್ಯುಲಾರಿಟಿ ಗೊತ್ತಿದೆ ಎಂದುಕೊಂಡಿದ್ದೇನೆ. ಇಲ್ಲಿ ಹಿಡಿಯುವುದು ಒಂದೇ ಲೆಕ್ಕ, ಓಝೋನ್ ವಿಭಜನೆ:

2O₃ → 3O₂
ದರ = k[O₃]²/[O₂]

ಅಂದರೆ ಓಝೋನ್ ಇಮ್ಮಡಿಯಾದರೆ ದರ ನಾಲ್ಕು ಪಟ್ಟು, ಆಮ್ಲಜನಕ ಇಮ್ಮಡಿಯಾದರೆ ದರ ಅರ್ಧ. ಉತ್ಪನ್ನವೇ ಕ್ರಿಯೆಯನ್ನು ನಿಧಾನ ಮಾಡುತ್ತಿದೆ, ಗಮನ ಹೋಗಬೇಕಾದ್ದು ಅಲ್ಲಿಗೇ. O₃ + O₃ → 3O₂ ಎಂದು ಒಂದೇ ಹಂತದಲ್ಲಿ ಬರೆದರೆ [O₃]² ಬರುತ್ತದೆ, ಆದರೆ ಛೇದದ O₂ಗೆ ಉತ್ತರ ಸಿಗುವುದಿಲ್ಲ. ಆ ದಾರಿ ಅಲ್ಲಿಗೇ ಬಿಡಿ.

ಮೊದಲು ಪರಮಾಣು ಎಣಿಸಿ

ನನಗೆ ಬಹಳ ಹಿಡಿಸಿದ ಶಾರ್ಟ್‌ಕಟ್ ಇದು. ದರ ನಿಯಮದ ಅಂಶದಲ್ಲಿರುವ ಪರಮಾಣುಗಳಿಂದ ಛೇದದಲ್ಲಿರುವುದನ್ನು ಕಳೆಯಿರಿ. ಉಳಿದದ್ದು ನಿಧಾನ ಹಂತದಲ್ಲಿ ಒಟ್ಟಿಗೆ ಸೇರುವ ಪರಮಾಣುಗಳ ಲೆಕ್ಕ. ಇಲ್ಲಿ [O₃]² ಎಂದರೆ 6, [O₂] ಎಂದರೆ 2, ಉಳಿದದ್ದು 4. ನಿಧಾನ ಹಂತದಲ್ಲಿ ನಾಲ್ಕು O ಇರಬೇಕು. O₂ + O₂ ಆಗುವಂತಿಲ್ಲ, ಅದು ಉತ್ಪನ್ನ. ಹಾಗಾಗಿ O + O₃. ಒಂಟಿ O ಎಲ್ಲಿಂದ ಬಂತು? O₃ ಮುರಿದು. ಆಗ ಜೊತೆಗೆ O₂ ಹೊರಬೀಳಲೇಬೇಕು, ಛೇದದಲ್ಲಿರುವುದು ಅದೇ. ಹಂತಗಳು ತಾವಾಗಿಯೇ ಬರುತ್ತವೆ:

O₃ ⇌ O₂ + O (ವೇಗ, ಎರಡೂ ದಿಕ್ಕಿಗೆ)
O + O₃ → 2O₂ (ನಿಧಾನ)

ಕೂಡಿಸಿ ನೋಡಿ: O ರದ್ದಾಗಿ 2O₃ → 3O₂ ಬರಬೇಕು, ಬರುತ್ತದೆ. ಒಂದು ಹಂತದಲ್ಲಿ ಹುಟ್ಟಿ ಇನ್ನೊಂದರಲ್ಲಿ ಖರ್ಚಾಗುವ ಈ O ಮಧ್ಯವರ್ತಿ.

ನಿಧಾನ ಹಂತ ಒಂದೇ ಇದ್ದು, ಅದಕ್ಕೂ ಮುಂಚಿನವು ಸಮತೋಲನದಲ್ಲಿದ್ದರೆ ಮಾತ್ರ ಈ ಎಣಿಕೆ ನಡೆಯುತ್ತದೆ. ಛೇದದಲ್ಲಿ ಎರಡು ಪದಗಳ ಮೊತ್ತ ಕಂಡರೆ ನೇರವಾಗಿ ಬಳಸಬೇಡಿ.

ಹೆಚ್ಚಿನವರು ಎಡವುವ ಜಾಗ

ನಿಧಾನ ಹಂತದ ದರ k₂[O][O₃]. ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ಅಪೂರ್ಣ. [O] ಅನ್ನು ಯಾರೂ ಸೀಸೆಗೆ ಅಳೆದು ಹಾಕಿಲ್ಲ, ದರ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ತೆಗೆಯಲು ಮೊದಲ ಹಂತದ ಎರಡೂ ದಿಕ್ಕಿನ ದರ ಸಮ ಎಂದು ಬರೆಯಿರಿ:

k₁[O₃] = k₋₁[O₂][O]
[O] = (k₁/k₋₁)[O₃]/[O₂]
ದರ = (k₂k₁/k₋₁)[O₃]²/[O₂]

ಪ್ರಯೋಗದ k ಎಂದರೆ k₂k₁/k₋₁. ಮೂರು ಸ್ಥಿರಾಂಕ ಸೇರಿ ಒಂದಾಗಿವೆ, ಅದನ್ನು ಬರೀ k₂ ಎಂದು ಬರೆಯಬಾರದು.

ಇನ್ನೂ ಒಂದು ಗೊಂದಲ ಉಳಿಯುತ್ತದೆ: ಎರಡನೆಯ ಹಂತ ನಿಧಾನವಾದರೆ O ರಾಶಿ ಬೀಳಬೇಕಲ್ಲ? ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಸಾಲುಗಟ್ಟಿದ ಕಬ್ಬಿನ ಗಾಡಿ ಹಾಗೆ ಕಲ್ಪಿಸಿಕೊಂಡರೆ ಇಲ್ಲಿ ದಾರಿ ತಪ್ಪುತ್ತದೆ. ಗಾಡಿ ಸರದಿಗಾಗಿ ಕಾಯುತ್ತದೆ, ವಾಪಸ್ ಹೋಗುವುದಿಲ್ಲ. O ಹಾಗಲ್ಲ, ಹುಟ್ಟಿದ್ದರಲ್ಲಿ ಬಹುಪಾಲು O₂ ಜೊತೆ ಸೇರಿ ಮತ್ತೆ O₃ ಆಗಿಬಿಡುತ್ತದೆ. O₂ ಹೆಚ್ಚಿದ್ದಷ್ಟೂ ಈ ವಾಪಸಾತಿ ಹೆಚ್ಚು, O₃ಯನ್ನು ತಲುಪುವ O ಕಡಿಮೆ. ದರ ಇಳಿಯುವುದು ಇದರಿಂದಲೇ.

ಹಾಗಾದರೆ O₂ ತೀರಾ ಕಡಿಮೆ ಇದ್ದರೆ? ಆಗ ಸಮತೋಲನದ ಊಹೆ ಮುರಿಯುತ್ತದೆ. O ಹುಟ್ಟುವ ದರ ಮತ್ತು ಅದು ಎರಡು ದಾರಿಯಲ್ಲಿ ಖರ್ಚಾಗುವ ದರ ಸಮ ಎಂದು ಹಿಡಿದರೆ (ಸ್ಥಿರಸ್ಥಿತಿ):

ದರ = k₁k₂[O₃]² / (k₋₁[O₂] + k₂[O₃])

k₋₁[O₂] ದೊಡ್ಡದಾದರೆ ಮೇಲಿನ ನಿಯಮವೇ ಬರುತ್ತದೆ. k₂[O₃] ದೊಡ್ಡದಾದರೆ ದರ = k₁[O₃], ಬರೀ ಪ್ರಥಮ ಆರ್ಡರ್: ಈಗ ನಿಧಾನ ಹಂತ ಮೊದಲನೆಯದು. ಹಂತಗಳು ಅವೇ, ಪರಿಸ್ಥಿತಿ ಬದಲಾಗಿ ದರ ನಿರ್ಧರಿಸುವ ಹಂತ ಬದಲಾಯಿತು, ಅಷ್ಟೇ.

ಹೊಂದುವುದು ಬೇರೆ, ಸಾಬೀತು ಬೇರೆ

2NO + O₂ → 2NO₂ಗೆ ದರ = k[NO]²[O₂]. ಎಣಿಸಿದರೆ N₂O₄. NO + NO ⇌ N₂O₂ ಆಗಿ ಆಮೇಲೆ O₂ ಸೇರಬಹುದು, ಇಲ್ಲವೇ NO + O₂ ⇌ NO₃ ಆಗಿ ಆಮೇಲೆ NO ಸೇರಬಹುದು. ಎರಡೂ ಅದೇ ದರ ನಿಯಮ ಕೊಡುತ್ತವೆ. ಸಾರತೆ ಬದಲಿಸಿ ಎಷ್ಟು ಸಲ ದರ ಅಳೆದರೂ ಇವೆರಡನ್ನು ಬೇರ್ಪಡಿಸಲಾಗದು. ಅದಕ್ಕೆ ಮಧ್ಯವರ್ತಿಯನ್ನೇ ರೋಹಿತದಲ್ಲಿ ಗುರುತಿಸುವಂಥ ಬೇರೆ ಪುರಾವೆ ಬೇಕು. ಪರೀಕ್ಷೆಯಲ್ಲಿ ಎರಡರಲ್ಲಿ ಯಾವುದನ್ನು ಬರೆದರೂ, ಹಂತಗಳ ಮೊತ್ತ ಮತ್ತು ದರ ನಿಯಮ ಎರಡೂ ಸರಿ ಬಂದಿದ್ದರೆ ಉತ್ತರ ಸರಿ.