ಡಬ್ಬಿಯ ಫೋಟೋದಲ್ಲಿರುವ ಬಿಳಿ: ಬಲೆಯೋ, ಹಿಟ್ಟೋ, ಬೂಷ್ಟೋ?

ಗೆಳತಿಯೊಬ್ಬರು ಗೋಧಿ ಡಬ್ಬಿಯ ಫೋಟೋ ಕಳಿಸಿದ್ದರು. ಒಂದು ಮೂಲೆಯಲ್ಲಿ ಕಾಳುಗಳು ಅಂಟಿಕೊಂಡು ಗಂಟಾಗಿದ್ದವು. ಅದರ ಮೇಲೆ ಬೆಳ್ಳಗೆ ಏನೋ ಹರಡಿತ್ತು. "ಬೂಷ್ಟು ಅಲ್ವಾ ಇದು?" ಎಂದು ಕೇಳಿದರು.

ಆ ಫೋಟೋ ನೋಡಿ ಏನೂ ಹೇಳುವಂತಿರಲಿಲ್ಲ. ಫ್ಲ್ಯಾಶ್ ನೇರವಾಗಿ ಬಿದ್ದರೆ ನೆರಳು ಹೋಗಿಬಿಡುತ್ತದೆ. ಆಗ ನೂಲು, ಹಿಟ್ಟು, ಬೂಷ್ಟು ಎಲ್ಲವೂ ಒಂದೇ ಬಿಳಿ. ಗಂಟು ಕಟ್ಟಿದೆ ಎಂಬುದೂ ಸಾಕ್ಷಿಯಲ್ಲ. ಹುಳುವೂ ಕಟ್ಟಿಸುತ್ತದೆ, ಬೂಷ್ಟೂ ಕಟ್ಟಿಸುತ್ತದೆ. "ಫ್ಲ್ಯಾಶ್ ಬೇಡ. ಗಂಟನ್ನು ಚಮಚದಲ್ಲಿ ಎತ್ತಿ ಕಪ್ಪು ಕಾಗದದ ಮೇಲಿಡಿ. ಟಾರ್ಚ್ ಪಕ್ಕದಿಂದ ಬಿಡಿ. ಅಳತೆಗೆ ಒಂದು ನಾಣ್ಯ ಇರಲಿ" ಎಂದೆ.

ಎರಡನೇ ಫೋಟೋದಲ್ಲಿ ಎಳೆಗಳು ಸ್ಪಷ್ಟವಾಗಿ ಕಂಡವು. ಕಾಳಿನಿಂದ ಕಾಳಿಗೆ ಹಾಯ್ದ ಸಣ್ಣ ರೇಷ್ಮೆ ನೂಲು, ಅದರಲ್ಲಿ ಸಿಕ್ಕಿಕೊಂಡ ಹಿಟ್ಟಿನ ಚೂರು, ಹುಳುವಿನ ಹಿಕ್ಕೆ. ಇದು ಪತಂಗದ ಮರಿಹುಳು ನೇಯ್ದ ಬಲೆ. ಬೂಷ್ಟು ಹೀಗೆ ಹಾಯುವುದಿಲ್ಲ. ಅದು ಕಾಳಿನ ಮೈಮೇಲೆಯೇ, ಹೆಚ್ಚಾಗಿ ಮೊಳಕೆ ಬರುವ ತುದಿಯಲ್ಲಿ, ಮೆತ್ತನೆ ನವಿರಾಗಿ ಏಳುತ್ತದೆ. ಮೊದಲು ಬಿಳಿ, ಆಮೇಲೆ ಹಸಿರು, ನೀಲಿ ಅಥವಾ ಬೂದು ಪುಡಿಯ ಬಣ್ಣ.

ಡಬ್ಬಿಯ ತಳದಲ್ಲಿ ಇನ್ನೊಂದು ಬಿಳಿ ಇತ್ತು. ಒಣ ಹಿಟ್ಟು, ಜೊತೆಗೆ ತೂತು ಬಿದ್ದ ಕಾಳು. ಹಿಟ್ಟು ಇಷ್ಟು ಜಾಸ್ತಿ ಇದ್ದರೆ ನಾನು ಮೊದಲು ಹುಡುಕುವುದು ಕಾಳು ಕೊರೆಯುವ ದುಂಬಿಯನ್ನು. ಸುಮಾರು 3 ಮಿಲಿಮೀಟರ್ ಉದ್ದ, ಕೊಳವೆಯಂಥ ಕಂದು ಮೈ. ಮೇಲಿಂದ ತೆಗೆದ ಫೋಟೋದಲ್ಲಿ ತಲೆಯೇ ಕಾಣುವುದಿಲ್ಲ. ಮುಂದಕ್ಕೆ ಚಾಚಿದ ಉದ್ದ ಮೂತಿ ಇದ್ದರೆ ಅದು ಅಕ್ಕಿ ನುಸಿಯ ಜಾತಿ. ಇಲ್ಲಿ ಮೂತಿ ಇರಲಿಲ್ಲ.

ತೂತಿಲ್ಲದ ಕಾಳನ್ನು ನಂಬುವ ಹಾಗಿಲ್ಲ. ಅಕ್ಕಿ ನುಸಿ ಕಾಳನ್ನು ಕೊರೆದು ಮೊಟ್ಟೆ ಇಟ್ಟು, ಬಾಯಿಗೆ ಅಂಟು ಮೆತ್ತಿ ಮುಚ್ಚುತ್ತದೆ. ಮರಿ ಒಳಗೇ ಬೆಳೆಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬೆಚ್ಚಗಿನ ಜಾಗದಲ್ಲಿ ದೊಡ್ಡ ಹುಳುವಾಗಿ ಹೊರಬರಲು ತಿಂಗಳ ಆಸುಪಾಸು ಬೇಕು. ಅಲ್ಲಿಯವರೆಗೆ ಫೋಟೋ ಚೊಕ್ಕವಾಗಿಯೇ ಇರುತ್ತದೆ. ಅನುಮಾನವಿದ್ದರೆ ಒಂದು ಹಿಡಿ ಕಾಳನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ, ಐದು ವಾರ ಬಿಟ್ಟು ಮತ್ತೆ ಫೋಟೋ ತೆಗೆದು ಹೋಲಿಸಿ.

ಹುಳುಗಳ ಉಸಿರಾಟದಿಂದ ಕಾಳಿನ ನಡುವೆ ಬಿಸಿಯೂ ತೇವವೂ ಸೇರುತ್ತವೆ. ಆ ತೇವದಲ್ಲಿ ಬೂಷ್ಟು ಹುಟ್ಟುತ್ತದೆ. ಅದಕ್ಕೇ ಗಂಟನ್ನು ಒಡೆದು ಒಳಗಿನ ಫೋಟೋ ಕಳಿಸಲು ಹೇಳಿದೆ. ಮೂಗಿನ ಹತ್ತಿರ ತರಬೇಡಿ ಎಂದೂ ಹೇಳಿದೆ. ಒಳಗೆ ಆರೇಳು ಕಾಳುಗಳ ತುದಿ ಹಳದಿ ಮಿಶ್ರಿತ ಹಸಿರಾಗಿತ್ತು.

ಆ ಬಣ್ಣದ ಬೂಷ್ಟಿನಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತವೆ. ವಿಷ ಇದೆಯೋ ಇಲ್ಲವೋ ಎಂದು ಯಾವ ಫೋಟೋವೂ ಹೇಳದು, ಅದಕ್ಕೆ ಪರೀಕ್ಷೆಯೇ ಬೇಕು. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬರೀ ಹುಳುವಾಗಿದ್ದರೆ ಜರಡಿ ಹಿಡಿಯುವ ಮಾತಾಡಬಹುದಿತ್ತು. ಇದನ್ನು ಎಸೆಯಿರಿ ಎಂದೆ.

ಎಸೆದ ಮೇಲೆ ಮುಚ್ಚಳದ ಒಳಅಂಚಿನ ಫೋಟೋ ಕೇಳಿದೆ. ಮರಿಹುಳುಗಳು ಗೂಡು ಕಟ್ಟಲು ಮೇಲಕ್ಕೆ ಹತ್ತುತ್ತವೆ. ಸುರುಳಿಯ ಸಂದಿನಲ್ಲಿ ಎರಡು ಬಿಳಿ ಗೂಡುಗಳು ಅಂಟಿಕೊಂಡೇ ಇದ್ದವು.